ಉತ್ತರ ಕೊಟ್ಟಷ್ಟೂ ಮಾಯವಾದ ಮೇಲ್

ದೊಡ್ಡಕ್ಕ ಆ ಲ್ಯಾಬಿನಲ್ಲಿ ಯಾರಿಗೂ ಅಕ್ಕ ಅಲ್ಲ. ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಯಜಮಾನರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಅದು ಕಟ್ಟುಹಲ್ಲು ಮಾಡುವ ಲ್ಯಾಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚನ್ನು ಡಬ್ಬಿಯಲ್ಲಿ ಕಳಿಸುತ್ತಾರೆ. ಯಾವ ಹಲ್ಲು, ಯಾವ ಬಣ್ಣ, ಯಾವತ್ತಿಗೆ ಬೇಕು ಎಂಬುದನ್ನು ಮೇಲ್‌ನಲ್ಲಿ ಬರೆಯುತ್ತಾರೆ. ಆ ಮೇಲ್‌ಗಳನ್ನೆಲ್ಲ ಓದಿ, ಒಳಗಿನ ಕೆಲಸಗಾರರಿಗೆ ತಿಳಿಸಿ, ವೈದ್ಯರಿಗೆ ಉತ್ತರ ಬರೆಯುವುದು ದೊಡ್ಡಕ್ಕನ ಕೆಲಸ. ಬಂದ ಪ್ರತಿಯೊಂದು ಮೇಲ್‌ಗೂ ಉತ್ತರ ಬರೆಯದೆ ಅವರು ಸಂಜೆ ಕುರ್ಚಿ ಬಿಟ್ಟೆದ್ದದ್ದಿಲ್ಲ. 'ಸರಿ, ಸಿಕ್ಕಿತು' ಎಂಬ ಎರಡು ಪದವಾದರೂ ಸರಿ, ಹೋಗಲೇಬೇಕು.

ನಾನು ಕಂಪ್ಯೂಟರ್ ರಿಪೇರಿಯವನು. ಇಂಥ ಹತ್ತಾರು ಸಣ್ಣ ಆಫೀಸುಗಳನ್ನು ನೋಡಿಕೊಳ್ಳುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. 'ಏನೂ ಮುಟ್ಟಿಲ್ಲ, ತಾನಾಗೇ ಕೆಟ್ಟೋಯ್ತು' ಎಂಬ ಮಾತನ್ನು ದಿನಾ ಕೇಳುವವನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಆದರೆ ದೊಡ್ಡಕ್ಕನ ಮೇಲೆ ರೇಗುವುದು ನನ್ನಿಂದಾಗುತ್ತಿರಲಿಲ್ಲ. ಅವರ ಮೇಜಿನ ಮೇಲೆ ಒಂದು ಕಣ ಪ್ಲಾಸ್ಟರ್ ಧೂಳು ಇರುತ್ತಿರಲಿಲ್ಲ. ಆ ಲ್ಯಾಬಿನಲ್ಲಿ ಗೋಡೆ, ಗಡಿಯಾರ, ಯಜಮಾನರ ಹುಬ್ಬು ಎಲ್ಲದರ ಮೇಲೂ ಧೂಳಿದ್ದರೂ ಅವರ ಕೀಬೋರ್ಡ್ ಮಾತ್ರ ಫಳಫಳ ಎನ್ನುತ್ತಿತ್ತು.

ಯಜಮಾನರು ಫೋನ್ ಮಾಡಿದಾಗ ದನಿ ತಗ್ಗಿಸಿ ಮಾತಾಡಿದರು.

"ಮೇಲ್ ಪ್ರೋಗ್ರಾಂ ಅಪ್ಡೇಟ್ ಆದಾಗಿಂದ ಕಿರಿಕಿರಿ ಮಾಡ್ತಿದೆಯಂತೆ, ಬಂದು ನೋಡಿ. ಆದ್ರೆ... ಕಿರಿಕಿರಿ ಪ್ರೋಗ್ರಾಂದೋ ಇನ್ನೊಂದೋ ನಂಗೊತ್ತಾಗ್ತಿಲ್ಲ."

"ಇನ್ನೊಂದು ಅಂದ್ರೆ?"

"ಒಬ್ಬ ಡಾಕ್ಟ್ರು ಮೊದಲು ಒಂದು ಬಣ್ಣ ಹೇಳಿದ್ರು. ಆಮೇಲೆ ಬದಲಾಯಿಸಿ ಇನ್ನೊಂದು ಮೇಲ್ ಕಳಿಸಿದ್ರು. ದೊಡ್ಡಕ್ಕ ಮೊದಲಿನದಕ್ಕೆ ಉತ್ತರ ಬರೆದಿದಾರೆ, ಎರಡನೇದು ನೋಡೇ ಇಲ್ಲ. ಹಲ್ಲು ಹಳೇ ಬಣ್ಣದಲ್ಲೇ ಹೋಯ್ತು. ಇದೊಂದೇ ಅಲ್ಲ, ಹೀಗೇ ನಾಲ್ಕೈದು ಆಗಿದೆ. ಅವರ ತಾಯಿಗೂ ಮರೆವಿನ ಕಾಯಿಲೆ ಇತ್ತು, ನಿಮಗೆ ಗೊತ್ತಲ್ಲ. ನಂಗೆ ಭಯ ಆಗ್ತಿದೆ. ಇದೇ ಮುಂದುವರಿದ್ರೆ ಅವರನ್ನ ಪ್ಯಾಕಿಂಗ್‌ಗೆ ಹಾಕಬೇಕಾಗತ್ತೆ. ಹೇಗೆ ಹೇಳ್ಲಿ?"

ನಾನು ಹೋದಾಗ ಮಧ್ಯಾಹ್ನದ ಹೊತ್ತು. ಒಳಗೆ ಹಲ್ಲು ಸುಡುವ ಕುಲುಮೆ ಗುಂಯ್ ಎನ್ನುತ್ತಿತ್ತು, ಯಾರೋ ನಯಮಾಡುವ ಯಂತ್ರಕ್ಕೆ ಕಟ್ಟುಹಲ್ಲು ಹಿಡಿದಿದ್ದರು. ಬಾಗಿಲ ಪಕ್ಕದ ಗೋಡೆಯಲ್ಲಿ ಯಜಮಾನರ ತಂದೆಯ ಕಾಲದ ಬೋರ್ಡು: 'ಹೊಸ ಸಾಮಾನು ಮೊದಲು ವೇಸ್ಟ್ ಅಚ್ಚಿನ ಮೇಲೆ.' ಹೊಸ ಮೇಣವಾಗಲಿ ಹೊಸ ಅಂಟಾಗಲಿ, ರೋಗಿಯ ಅಚ್ಚಿನ ಮೇಲೆ ನೇರವಾಗಿ ಹಾಕುವಂತಿಲ್ಲ. ಮೂಲೆಯ ಡಬ್ಬದಲ್ಲಿ ಬಿದ್ದಿರುವ, ಯಾರಿಗೂ ಬೇಡದ ಹಳೆಯ ಅಚ್ಚಿನ ಮೇಲೆ ಹಾಕಿ ನೋಡಬೇಕು. ಅಲ್ಲಿ ಸೇರಿದವರೆಲ್ಲ ಮೊದಲು ಕಲಿಯುವ ಪಾಠ ಅದು.

"ಬಾಪ್ಪ, ಕೂತ್ಕೋ" ಎಂದರು ದೊಡ್ಡಕ್ಕ. ಮುಖ ಬಾಡಿತ್ತು. "ಉತ್ತರ ಬರೆಯೋಕೆ ಅಂತ ಒತ್ತಿದ್ರೆ ಕಿಟಕಿ ಬೆಳ್ಳಗೆ ಬಂದು ಹಾಗೇ ನಿಂತುಬಿಡತ್ತೆ. ಮೊದಲು ಕ್ಲಿನಿಕ್ ನಂಬರ್ ಹೊಡೆದ್ರೆ ವಿಳಾಸ ತಾನೇ ಬಂದು ಕೂರ್ತಿತ್ತು, ಈಗ ಅದೂ ಇಲ್ಲ. ಇದೊಂದು. ಇನ್ನೊಂದು..." ಅವರು ಒಳಗಿನ ಬಾಗಿಲ ಕಡೆ ನೋಡಿದರು. "ಇನ್ನೊಂದು ನಂದೇ ತಪ್ಪಿರಬೇಕು ಬಿಡು. ಮೇಲ್‌ಗಳು ಕಾಣೆ ಆಗ್ತಿವೆ. ನಾನೇ ನೋಡಿ, ಎಲ್ಲೋ ಎತ್ತಿ ಹಾಕಿ, ಮರೀತಿದೀನೋ ಏನೋ."

ಎರಡು ತೊಂದರೆ, ಎರಡೂ ಅಪ್ಡೇಟ್ ಆದಮೇಲೆಯೇ. ಎರಡಕ್ಕೂ ಕಾರಣ ಒಂದೇ ಎಂದು ನಾನು ಕೂರುವ ಮೊದಲೇ ತೀರ್ಮಾನಿಸಿದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನನಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಹೇಳುವುದಕ್ಕೆ.

ಪ್ರೋಗ್ರಾಂ ಮುಚ್ಚಿ, ಶಿಫ್ಟ್ ಒತ್ತಿಹಿಡಿದು ಮತ್ತೆ ತೆರೆದೆ. ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಕೇಳಿತು, ಹೂಂ ಎಂದೆ.

"ಸೇಫ್ ಅಂದ್ರೆ? ಇಷ್ಟು ದಿನ ಅನ್‌ಸೇಫ್ ಆಗಿತ್ತಾ?" ಎಂದು ಅವರು ಗಾಬರಿಯಾದರು.

"ಹಾಗಲ್ಲಕ್ಕ. ಈ ಪ್ರೋಗ್ರಾಂಗೆ ನಾವು ಮೇಲಿಂದ ಸೇರಿಸಿರೋ ಆಡ್-ಆನ್‌ಗಳಿರ್ತವಲ್ಲ, ಅವನ್ನೆಲ್ಲ ಹೊರಗೆ ನಿಲ್ಲಿಸಿ, ಬರೀ ಪ್ರೋಗ್ರಾಂ ಮಾತ್ರ ಶುರು ಮಾಡೋದು. ಹೀಗೆ ತೆರೆದಾಗ ತೊಂದರೆ ಹೋದ್ರೆ, ಕಳ್ಳ ಹೊರಗೆ ನಿಂತವರಲ್ಲೇ ಇದ್ದಾನೆ ಅಂತ."

ಉತ್ತರದ ಬಟನ್ ಒತ್ತಿದೆ. ಕಿಟಕಿ ಟಕ್ಕನೆ ತೆರೆಯಿತು. ದೊಡ್ಡಕ್ಕನ ಮುಖದಲ್ಲಿ ಸ್ವಲ್ಪ ಬೆಳಕು. ಮತ್ತೆ ಮಾಮೂಲಿನಂತೆ ತೆರೆದು, ಆಡ್-ಆನ್‌ಗಳಲ್ಲಿ ಅರ್ಧ ಆಫ್ ಮಾಡಿದೆ, ಅರ್ಧ ಉಳಿಸಿದೆ. ಕಿಟಕಿ ನಿಂತುಕೊಂಡಿತು. ಉಳಿದದ್ದರಲ್ಲಿ ಮತ್ತೆ ಅರ್ಧ. ಕೊನೆಗೆ ಸಿಕ್ಕಿಬಿದ್ದದ್ದು ಕ್ಲಿನಿಕ್ ನಂಬರ್ ಹೊಡೆದರೆ ವಿಳಾಸ ತುಂಬುವ ಆಡ್-ಆನ್. ಅದನ್ನು ಬರೆದವರು ಯಾವಾಗಲೋ ಕೈಬಿಟ್ಟಿದ್ದರು. ದೋಷಗಳ ಪಟ್ಟಿ ತೋರಿಸುವ ಕಿಟಕಿ ತೆರೆದರೆ, ಉತ್ತರದ ಬಟನ್ ಒತ್ತಿದಾಗೆಲ್ಲ ಅದೇ ಆಡ್-ಆನ್ ಹೆಸರಿನ ಕೆಂಪು ಸಾಲು. ಅಪ್ಡೇಟ್‌ನಲ್ಲಿ ಪ್ರೋಗ್ರಾಂ ತನ್ನ ಒಳಗಿನ ಏನನ್ನೋ ಕಿತ್ತುಹಾಕಿತ್ತು, ಇದು ಇನ್ನೂ ಅದನ್ನೇ ಹುಡುಕುತ್ತಿತ್ತು. ಅದನ್ನು ಆಫ್ ಮಾಡಿ ಕೈ ಒರೆಸಿಕೊಂಡೆ.

"ಆಯ್ತು. ಎಲ್ಲಾ ಇದರದ್ದೇ ಕಿತಾಪತಿ."

"ಮೇಲ್ ಕಾಣೆ ಆಗೋದೂ?"

"ಅದೂ ಇದರದ್ದೇ" ಎಂದೆ. ನೋಡದೆ, ಪರೀಕ್ಷಿಸದೆ. ಆವತ್ತು ಅವರು ಬಾಗಿಲ ತನಕ ಬಂದು ನನ್ನನ್ನು ಕಳಿಸಿಕೊಟ್ಟರು.

ಮರುವಾರ ಯಜಮಾನರಿಂದ ಮತ್ತೆ ಫೋನ್. ಕಿಟಕಿ ಸರಿಯಾಗಿದೆ, ಮೇಲ್‌ಗಳು ಕಾಣೆಯಾಗುವುದು ಮಾತ್ರ ಹೆಚ್ಚಾಗಿದೆ. "ನೀವು ಪ್ರೋಗ್ರಾಂ ರಿಪೇರಿ ಮಾಡಿದ್ರಿ. ಇನ್ನು ಉಳಿದಿರೋದು ಅವರೊಬ್ಬರೇ ಅಲ್ವಾ?" ಎಂದು ಅವರು ಕೇಳಿದರು. ನನ್ನ ಬೇಜವಾಬ್ದಾರಿ ಮಾತು ದೊಡ್ಡಕ್ಕನ ಕುತ್ತಿಗೆಗೆ ಬಂದಿತ್ತು.

ನಾನು ಹೋದಾಗ ಅವರು ಇನ್‌ಬಾಕ್ಸನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಕುಡಿಯದ ಚಹಾದ ಮೇಲೆ ಕೆನೆ ಕಟ್ಟಿತ್ತು. ನನ್ನ ಕಡೆ ತಿರುಗದೆ ಹೇಳಿದರು.

"ಮಗಳಿಗೆ ಹೇಳಿ ಡಾಕ್ಟರ್ ಹತ್ರ ಹೆಸರು ಬರೆಸಿದೀನಿ. ನೆನಪಿನ ಪರೀಕ್ಷೆಗೆ. ಅಮ್ಮನಿಗೂ ಹೀಗೇ ಶುರುವಾಗಿದ್ದು. ಇಟ್ಟ ಸಾಮಾನು ಸಿಗ್ತಿರ್ಲಿಲ್ಲ, ಬೇರೆ ಯಾರೋ ಎತ್ತಿಟ್ಟಿದಾರೆ ಅಂತ ಜಗಳ ಆಡ್ತಿದ್ಲು. ಈಗ ನಾನು ಪ್ರೋಗ್ರಾಂ ಮೇಲೆ ಹೇಳ್ತಿದೀನಿ, ಅಷ್ಟೇ ವ್ಯತ್ಯಾಸ."

ನಾನು ಶಿಫ್ಟ್ ಒತ್ತಿ ಸೇಫ್ ಮೋಡ್‌ನಲ್ಲಿ ತೆರೆದೆ. ಹೋದ ಸಲ ಮಾಡಬೇಕಿದ್ದ ಪರೀಕ್ಷೆ ಈಗ ಮಾಡಿದೆ. ನನ್ನ ಫೋನಿನಿಂದ ಒಂದು ಮೇಲ್ ಕಳಿಸಿದೆ. ಬಂತು. ಇನ್‌ಬಾಕ್ಸಿನಲ್ಲಿ ದಪ್ಪ ಅಕ್ಷರದಲ್ಲಿ ಕೂತಿತು. ದೊಡ್ಡಕ್ಕ ಅಭ್ಯಾಸದಂತೆ ಅದನ್ನೂ ತೆರೆದು 'ಸರಿ, ಸಿಕ್ಕಿತು' ಎಂದು ಉತ್ತರ ಕಳಿಸಿದರು. ನಾನು ಇನ್ನೊಂದು ಕಳಿಸಿದೆ.

ಬರಲಿಲ್ಲ.

ಕಾದೆವು. ಮತ್ತೊಂದು ಕಳಿಸಿದೆ. ಅದೂ ಇಲ್ಲ. ಫೋನಿನಲ್ಲಿ ಎರಡೂ ಹೋಗಿವೆ ಎಂದು ತೋರಿಸುತ್ತಿತ್ತು. ಹತ್ತು ನಿಮಿಷದ ಹಿಂದೆ ಇದೇ ಫೋನು, ಇದೇ ವಿಳಾಸ, ಇದೇ ಪ್ರೋಗ್ರಾಂ. ಮೊದಲನೆಯದಕ್ಕೆ ಬಾಗಿಲು ತೆರೆದಿದ್ದು ಎರಡನೆಯದಕ್ಕೆ ಮುಚ್ಚಿದ್ದು ಯಾಕೆ? ಆಡ್-ಆನ್‌ಗಳೆಲ್ಲ ಹೊರಗೆ ನಿಂತಿದ್ದವು, ಅವುಗಳ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ನನ್ನ ತಲೆ ಗಿರ್ರೆಂದಿತು. ಆದರೆ ಒಳಗೊಳಗೇ ಸಂತೋಷವೂ ಆಯಿತು.

"ಅಕ್ಕಾ, ಈಗ ಕಾಣೆ ಆಗಿದ್ದನ್ನ ನಾನೂ ನೋಡ್ದೆ. ನೀವು ಮೌಸ್ ಮುಟ್ಟೇ ಇಲ್ಲ" ಎಂದೆ.

ಅವರು ನನ್ನ ಮುಖ ನೋಡಿದರು. "ನಿಜವಾಗ್ಲೂ?"

"ಆಣೆ ಮಾಡ್ಲಾ?"

"ಹಾಗಿದ್ರೆ ಎಲ್ಲಿಗೆ ಹೋಯ್ತು?"

ಅದೇ ಗೊತ್ತಿಲ್ಲ. ದೊಡ್ಡಕ್ಕ ಹುಡುಕುವ ಜಾಗದಲ್ಲಿ ನನ್ನ ಹೆಸರು ಹೊಡೆದರು, ಮೊದಲ ಮೇಲ್ ಮಾತ್ರ ಬಂತು. ಅವರು ದಿನಾ ಬಳಸುತ್ತಿದ್ದ ಆ ಜಾಗ ತೆರೆದಿರುವ ಫೋಲ್ಡರಿನೊಳಗೆ ಮಾತ್ರ ಹುಡುಕುತ್ತದೆ, ಉಳಿದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಆಗ ನನಗೆ ಹೊಳೆಯಿತು. ಬಂದ ಮೇಲ್ ಯಾರೂ ಮುಟ್ಟದೆ ಜಾಗ ಬದಲಿಸಬೇಕಾದರೆ ಅದಕ್ಕೊಂದು ನಿಯಮ ಇರಬೇಕು. ಇಂಥವರಿಂದ ಬಂದದ್ದನ್ನು ಇಂಥಲ್ಲಿ ಹಾಕು ಎಂಬ ಫಿಲ್ಟರ್. ಅದು ಆಡ್-ಆನ್ ಅಲ್ಲ, ಪ್ರೋಗ್ರಾಂನದೇ ಅಂಗ, ಆದ್ದರಿಂದ ಸೇಫ್ ಮೋಡ್‌ನಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ.

"ಫಿಲ್ಟರ್ ಏನಾದ್ರೂ ಹಾಕಿದೀರಾಕ್ಕ?"

"ಇಲ್ಲಪ್ಪ. ನಂಗೆ ಅದೆಲ್ಲ ಯಾಕೆ? ಎಲ್ಲಾ ನಾನೇ ಓದ್ತೀನಿ."

ವಾದ ಮಾಡಲಿಲ್ಲ. ಫಿಲ್ಟರಿಗೆ ಲಾಗ್ ಇರುತ್ತದೆ: ಯಾವ ಮೇಲ್ ಬಂತು, ಯಾವ ಫಿಲ್ಟರ್ ಅದನ್ನು ಹಿಡಿಯಿತು, ಎಲ್ಲಿಗೆ ಸಾಗಿಸಿತು ಎಂದು ಸಾಲು ಸಾಲಾಗಿ ಬರೆದಿಡುತ್ತದೆ. ಆದರೆ ಬರೆ ಎಂದು ಮೊದಲು ಹೇಳಬೇಕು. ಹೇಳುವ ಮೊದಲು ನಡೆದದ್ದು ಅದರಲ್ಲಿರುವುದಿಲ್ಲ. ಲಾಗ್ ಶುರುಮಾಡುವ ಚೌಕಕ್ಕೆ ಟಿಕ್ ಹಾಕಿ, ಫೋನಿನಿಂದ ಮತ್ತೊಂದು ಮೇಲ್ ಕಳಿಸಿದೆ. ಇಬ್ಬರೂ ಲಾಗ್ ಕಿಟಕಿಯ ಮುಂದೆ ಬಗ್ಗಿ ಕೂತೆವು. ಖಾಲಿ ಬಿಳಿ ಕಿಟಕಿಯಲ್ಲಿ ಸಾಲು ಮೂಡಿತು. ನನ್ನ ವಿಳಾಸದಿಂದ ಬಂದ ಮೇಲ್‌ಗೆ 'ಅಮ್ಮ' ಎಂಬ ಫಿಲ್ಟರ್ ಅನ್ವಯವಾಗಿದೆ. 'ಓದಲಾಗಿದೆ' ಎಂದು ಗುರುತು ಹಾಕಿದೆ. 'ಆಮೇಲೆ' ಎಂಬ ಫೋಲ್ಡರಿಗೆ ಸಾಗಿಸಿದೆ.

ನಾನು ಜೋರಾಗಿ ಓದಿದೆ. ಓದಿ ಮುಗಿಸಿ ಪಕ್ಕಕ್ಕೆ ತಿರುಗಿದೆ. ದೊಡ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ನಾನೇ ಮಾಡಿದ್ದು" ಎಂದರು. "ಅಯ್ಯೋ, ನಾನೇ ಮಾಡಿದ್ದು. ಈಗ ತಾನೇ ಇಲ್ಲ ಅಂದೆ ನಿಂಗೆ. ನೋಡ್ದಾ? ಮರೆವು ಅಂದ್ರೆ ಇದೇ ಅಲ್ವಾ?"

ಅವರನ್ನು ಬಿಡಿಸಲು ಹೋಗಿ ಇನ್ನಷ್ಟು ಸಿಕ್ಕಿಸಿದೆನೇ? ಲಾಗ್ ಅವರ ಪರ ಸಾಕ್ಷಿ ಹೇಳಿತೋ ವಿರುದ್ಧವೋ?

"ಯಾವಾಗ ಮಾಡಿದ್ರಿ ಅಂತ ನೆನಪಿದೆಯಾ?" ಎಂದು ಮೆಲ್ಲಗೆ ಕೇಳಿದೆ.

ನೆನಪಿತ್ತು. ಹೇಳುತ್ತಾ ಹೋದರು. ಅಮ್ಮನಿಗೆ ಆಗ ಮರೆವು ಬಲಿತಿತ್ತು. ಮೊಮ್ಮಗಳು ಹೊತ್ತು ಹೋಗಲಿ ಎಂದು ಒಂದು ಟ್ಯಾಬ್ಲೆಟ್ ಕೊಟ್ಟು ಮೇಲ್ ಕಳಿಸುವುದನ್ನು ಕಲಿಸಿದ್ದಳು. ಎಲ್ಲ ಮರೆತ ಮುದುಕಿ ಅದೊಂದನ್ನು ಮರೆಯಲಿಲ್ಲ. 'ಯಾವಾಗ ಬರ್ತೀಯ?' ಎಂದು ಕಳಿಸುವಳು. ಕಳಿಸಿದ್ದು ಮರೆತು ಮತ್ತೆ ಕಳಿಸುವಳು. ಟ್ಯಾಬ್ಲೆಟ್ ಎತ್ತಿಟ್ಟರೆ ಮೊಮ್ಮಗಳ ಕಂಪ್ಯೂಟರಿನಿಂದ, ಅದು ಸಿಗದಿದ್ದರೆ ದೊಡ್ಡಕ್ಕನ ತಮ್ಮನದರಿಂದ. ಇತ್ತ ಡಾಕ್ಟರುಗಳ ಮೇಲ್‌ಗಳು ಆ ರಾಶಿಯಡಿ ಮುಚ್ಚಿಹೋಗುತ್ತಿದ್ದವು. ಒಂದು ಮಧ್ಯಾಹ್ನ ದೊಡ್ಡಕ್ಕ ಸಿಟ್ಟಿನಿಂದ ಕೂತು, ಮನೆಯವರ ವಿಳಾಸಗಳನ್ನೆಲ್ಲ 'ಮನೆ' ಎಂಬ ವಿಳಾಸ ಪುಸ್ತಕಕ್ಕೆ ಹಾಕಿ, ಅದರಲ್ಲಿರುವ ಯಾರಿಂದ ಬಂದರೂ ಓದಿದೆ ಎಂದು ಗುರುತು ಹಾಕಿ 'ಆಮೇಲೆ' ಫೋಲ್ಡರಿಗೆ ತಳ್ಳು ಎಂದು ಫಿಲ್ಟರ್ ಬರೆದರು.

"ಅವತ್ತು ಹಸಿರು ಸೀರೆ ಉಟ್ಟಿದ್ದೆ. ಕುಲುಮೆ ಕೆಟ್ಟಿತ್ತು, ಒಳಗೆ ಯಾರೂ ಇರ್ಲಿಲ್ಲ. ಮನೆಗೆ ಹೋದ್ಮೇಲೆ ಓದೋಣ ಅನ್ಕೊಂಡೆ."

"ಸೀರೆ ಬಣ್ಣ ನೆನಪಿರೋರಿಗೆ ಮರೆವು ಅಂತೆ!" ಎಂದೆ. ಅವರು ನಗಲಿಲ್ಲ.

"ಮರೆತಿರ್ಲಿಲ್ಲ ಕಣಪ್ಪ. ನೆನಪು ಮಾಡ್ಕೊಂಡಿರ್ಲಿಲ್ಲ."

ಸರಿ, ಆದರೆ ಗಂಟು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮನೆಯವರೆಲ್ಲ ಈಗ ಫೋನಿನಲ್ಲೇ ಮಾತಾಡುತ್ತಾರೆ. ಫಿಲ್ಟರ್ ಕೆಲಸವಿಲ್ಲದೆ ಕೂತಿತ್ತು. ಅದಕ್ಕೆ ನಾನೇಕೆ ಸಿಕ್ಕೆ? ನಾನು ದೊಡ್ಡಕ್ಕನ ಮನೆಯವನಲ್ಲವಲ್ಲ! 'ಮನೆ' ಪುಸ್ತಕ ತೆರೆದು ನೋಡಿದೆ. ಅಮ್ಮ, ಮಗಳು, ತಮ್ಮ. ಅವರ ಕೆಳಗೆ ಒಂದಾದಮೇಲೊಂದು ದಂತವೈದ್ಯರು. ಕಟ್ಟಕಡೆಗೆ ನಾನು, ಈಗತಾನೇ ಸೇರಿದವನು.

"ಇವರನ್ನೆಲ್ಲ ಇಲ್ಲಿಗೆ ಯಾರಕ್ಕ ಕರೆದದ್ದು?"

ದೊಡ್ಡಕ್ಕ ಕಣ್ಣು ಮುಚ್ಚಿ ಯೋಚಿಸಿದರು. ಅಪ್ಡೇಟ್ ಆದ ದಿನ ವಿಳಾಸ ತುಂಬುವ ಆಡ್-ಆನ್ ಕೈಕೊಟ್ಟಿತಲ್ಲ, ಕ್ಲಿನಿಕ್ಕುಗಳ ವಿಳಾಸವೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಉತ್ತರದ ಕಿಟಕಿಯೂ ನಿಂತದ್ದರಿಂದ ಹೊಸ ಮೇಲ್ ತೆರೆದು, ಪ್ರತಿಯೊಂದು ವಿಳಾಸವನ್ನೂ ಕೈಯಲ್ಲಿ ಹೊಡೆದು ಸುಸ್ತಾಗಿ ಸೆಟ್ಟಿಂಗ್ಸ್‌ನಲ್ಲಿ ತಡಕಾಡಿದರು. ತಾವು ಮೇಲ್ ಕಳಿಸಿದವರ ವಿಳಾಸ ತಾನಾಗಿ ಪುಸ್ತಕಕ್ಕೆ ಸೇರಲಿ ಎಂಬ ಒಂದು ಟಿಕ್ ಸಿಕ್ಕಿತು. ಯಾವ ಪುಸ್ತಕಕ್ಕೆ ಎಂದು ಅದು ಕೇಳಿತು.

"ಹೊಸದಲ್ವಾ? ಕ್ಲಿನಿಕ್‌ಗೆ ಅಂತ ಒಂದು ಒಳ್ಳೆ ಪುಸ್ತಕ ಮಾಡೋಣ, ಅದಕ್ಕೆ ಮುಂಚೆ ಇದು ಹೇಗೆ ಕೆಲಸ ಮಾಡತ್ತೆ ನೋಡೋಣ ಅಂತ..." ಅವರು ಬಾಗಿಲ ಪಕ್ಕದ ಬೋರ್ಡಿನ ಕಡೆ ಕೈ ತೋರಿಸಿದರು. "ಈಗ ಯಾರಿಗೂ ಬೇಡದ್ದು 'ಮನೆ' ಪುಸ್ತಕ ಒಂದೇ ಇತ್ತು."

ಎಲ್ಲವೂ ಒಟ್ಟಿಗೆ ಬಂದು ಕೂತಿತು. ದೊಡ್ಡಕ್ಕ ಯಾರಿಗೆ ಉತ್ತರ ಬರೆಯುತ್ತಾರೋ ಅವರು 'ಮನೆ'ಗೆ ಸೇರುತ್ತಾರೆ. 'ಮನೆ'ಗೆ ಸೇರಿದವರ ಮುಂದಿನ ಮೇಲ್ ಸದ್ದಿಲ್ಲದೆ 'ಆಮೇಲೆ'ಗೆ ಹೋಗುತ್ತದೆ. ಉತ್ತರ ಬರೆಯದೆ ಸೋಮಾರಿಯಾಗಿ ಕೂತಿದ್ದರೆ ಒಂದೂ ಕಾಣೆಯಾಗುತ್ತಿರಲಿಲ್ಲ. ಪುಣ್ಯಾತ್ಗಿತ್ತಿ ಎಲ್ಲರಿಗೂ ಬರೆದರು. ಕಿಟಕಿ ನಾನು ರಿಪೇರಿ ಮಾಡಿದಮೇಲೆ ಇನ್ನೂ ಬೇಗ ಬೇಗ ಬರೆದರು. ಅಪ್ಡೇಟ್ ಮುರಿದದ್ದು ಬರೀ ಆಡ್-ಆನನ್ನು, ಉಳಿದದ್ದೆಲ್ಲ ಆ ಮುರಿದದ್ದಕ್ಕೆ ದೊಡ್ಡಕ್ಕ ಹಾಕಿದ ತೇಪೆಯಿಂದ ಆದದ್ದು.

ಎಡಗಡೆಯ ಪಟ್ಟಿಯ ಕಟ್ಟಕಡೆಗೆ ಮಡಚಿಕೊಂಡು ಕೂತಿದ್ದ 'ಆಮೇಲೆ' ಫೋಲ್ಡರನ್ನು ತೆರೆದೆ. ವೈದ್ಯರ ಮೇಲ್‌ಗಳೆಲ್ಲ ಅಲ್ಲೇ ಇದ್ದವು, ಬಣ್ಣ ಬದಲಾಯಿಸಿದ್ದೂ ಇತ್ತು. ಯಜಮಾನರನ್ನು ಕೂಗಿ ಕರೆದು ಲಾಗ್ ತೋರಿಸಿದೆ. ಅವರು ಕನ್ನಡಕ ಒರೆಸಿ ಎರಡು ಸಲ ಓದಿದರು. ಪೂರ್ತಿ ಅರ್ಥವಾಗಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

"ಅಂದ್ರೆ ದೊಡ್ಡಕ್ಕ ನೋಡೋಕೆ ಮುಂಚೆನೇ ಹೋಗ್ತಿತ್ತಾ?"

"ಹೌದು. ಕಣ್ಣಿಗೇ ಬಿದ್ದಿಲ್ಲ, ಇನ್ನು ಮರೆಯೋದೆಲ್ಲಿಂದ?"

"ಸದ್ಯ" ಎಂದರು. "ಪ್ಯಾಕಿಂಗ್‌ನೋರು ಬದುಕ್ಕೊಂಡ್ರು. ದೊಡ್ಡಕ್ಕ ಅಲ್ಲಿಗೆ ಹೋಗಿದ್ರೆ ಅವರಿಗೆ ಧೂಳು ಒರೆಸಿಯೇ ಸಾಕಾಗ್ತಿತ್ತು." ಅವರು ದೊಡ್ಡಕ್ಕನ ಮುಖ ನೋಡದೆ ಒಳಗೆ ಹೋದರು. ನಾಚಿಕೆಯಾಗಿತ್ತು, ಪಾಪ.

ಟಿಕ್ ತೆಗೆದೆ, ಫಿಲ್ಟರ್ ಆಫ್ ಮಾಡಿದೆ, ವೈದ್ಯರ ಮೇಲ್‌ಗಳನ್ನು ಇನ್‌ಬಾಕ್ಸಿಗೆ ಎಳೆದು ತಂದೆ. 'ಆಮೇಲೆ' ಫೋಲ್ಡರಿನಲ್ಲಿ ಇನ್ನು ಉಳಿದದ್ದು ಅಮ್ಮನವು. ಪುಟ ಪುಟ ಉರುಳಿಸಿದರೂ ಮುಗಿಯದಷ್ಟು. ಎಲ್ಲವೂ ತೆಳು ಅಕ್ಷರದಲ್ಲಿದ್ದವು, ಓದಿ ಮುಗಿಸಿದವುಗಳ ಹಾಗೆ. ದೊಡ್ಡಕ್ಕ ಪರದೆಯನ್ನೇ ನೋಡುತ್ತಿದ್ದರು.

"ಇವನ್ನ ಓದಿಲ್ಲ ಅಂತ ಮಾಡೋಕೆ ಬರತ್ತಾ?"

"ಬರತ್ತೆ. ಆದ್ರೆ ಯಾಕಕ್ಕ, ಓದಿರೋದನ್ನ?"

"ಓದಿಲ್ವಲ್ಲಪ್ಪ" ಎಂದರು.

ಎಲ್ಲವನ್ನೂ ಒಟ್ಟಿಗೆ ಹಿಡಿದು ಗುರುತು ಬದಲಿಸಿದೆ. ಪಟ್ಟಿಯೆಲ್ಲ ಮೇಲಿಂದ ಕೆಳಗೆ ದಪ್ಪವಾಯಿತು. ಅವರು ಮೌಸ್ ತಮ್ಮ ಕೈಗೆ ತೆಗೆದುಕೊಂಡು ಎಲ್ಲಕ್ಕಿಂತ ಹಳೆಯದನ್ನು ತೆರೆದರು. ಅದರಲ್ಲಿ ಎರಡೇ ಪದ ಇದ್ದವು: 'ಯಾವಾಗ ಬರ್ತೀಯ?' ಅಭ್ಯಾಸಬಲ, ಅವರ ಬೆರಳು ಉತ್ತರದ ಬಟನ್ನಿಗೆ ಹೋಯಿತು. ಕಿಟಕಿ ಒಂದು ಚೂರೂ ತಡವರಿಸದೆ ತೆರೆಯಿತು, ಅಮ್ಮನ ವಿಳಾಸ ತಾನಾಗಿ ಬಂದು ಕೂತಿತು. ಕೆಳಗೆ ಗೀಟು ಮಿನುಗುತ್ತಾ ಕಾಯುತ್ತಿತ್ತು.

"ಏನಂತ ಬರೀಲಿ?" ಎಂದು ದೊಡ್ಡಕ್ಕ ನನ್ನನ್ನು ಕೇಳಿದರು.